ಬಾಯಿ ಬಿಡುವ ಮುಂಚಿನ ದನಿ

ಗಮನಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ರೈಲು ನಿಲ್ದಾಣದ ಕೂಲಿಗಳು ಇಟ್ಟದ್ದು. ಬೆಳಗಿನಿಂದ ಸಂಜೆಯವರೆಗೆ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎನ್ನುವ ಹೆಂಗಸನ್ನು ಇನ್ನೇನೆಂದು ಕರೆಯುವುದು? ಮೊದಲು ತಮಾಷೆಗೆ ಕರೆದರು, ಆಮೇಲೆ ರೂಢಿಯಾಯಿತು, ಕೊನೆಗೆ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡನ ಬಾಯಲ್ಲೂ ಅದೇ ಕೂತುಬಿಟ್ಟಿತು. "ಹೆಂಡ್ತೀನ ಅಕ್ಕ ಅಂತಾರೇನ್ರೀ?" ಎಂದು ಅವಳು ರೇಗಿದರೆ, "ನಾನು ಗಮನ ಅಂತಷ್ಟೇ ಕರೀತೀನಿ, ಕ್ಕ ತಾನಾಗೇ ಬಂದು ಸೇರ್ಕೊಳ್ಳುತ್ತೆ" ಎಂದು ಅವನು ಸೂಜಿಗೆ ದಾರ ಪೋಣಿಸುತ್ತ ಕೂರುತ್ತಿದ್ದ.

ಪ್ಲಾಟ್‌ಫಾರ್ಮುಗಳನ್ನು ದಾಟುವ ಸೇತುವೆಗೆ ಅಂಟಿಕೊಂಡಂತೆ ಅವಳ ಕೋಣೆ. ಮೂರು ಕಡೆ ಗಾಜು, ಒಂದು ಕಬ್ಬಿಣದ ಕುರ್ಚಿ, ಮೇಜಿನ ಮೇಲೆ ಕತ್ತು ಚಾಚಿದ ಮೈಕು, ಅದರ ಬುಡದಲ್ಲಿ ಒತ್ತುವ ಗುಂಡಿ. ಆ ಕೋಣೆಯಲ್ಲಿ ಅವಳದೇ ರಾಜ್ಯ. ಯಾರೋ ಮೇಲಧಿಕಾರಿ ಒಮ್ಮೆ ಹತ್ತಿ ಬಂದು, ದನಿ ಸ್ವಲ್ಪ ಮೆದುವಾಗಿರಲಿ, ಸಿಹಿಯಾಗಿರಲಿ ಎಂದು ಬುದ್ಧಿ ಹೇಳಿದನಂತೆ. "ಗಾಡಿ ಎರಡು ಗಂಟೆ ಲೇಟು ಅನ್ನೋದನ್ನ ಎಷ್ಟು ಸಿಹಿಯಾಗಿ ಹೇಳಿದ್ರೂ ಕೇಳೋರಿಗೆ ಕಹೀನೇ ಸಾರ್. ಸ್ಪಷ್ಟವಾಗಿ ಹೇಳ್ತೀನಿ, ಸಾಕು" ಎಂದಳು. ಅವನು ಇಳಿದು ಹೋದ. ಸ್ಪಷ್ಟ ಎಂಬುದು ಅವಳಿಗೆ ಬರೀ ಮಾತಲ್ಲ, ಜಂಬ. ನಮ್ಮಲ್ಲಿ ಮುಕ್ಕಾಲು ಪಾಲು ಜನ ಮಹಾಪ್ರಾಣವನ್ನು ಶಾಲೆಯಲ್ಲೇ ಬಿಟ್ಟು ಬಂದಿರುತ್ತೇವೆ. ಗಮನಕ್ಕ "ಮುಂಭಾಗದ ಬೋಗಿಗಳು" ಎಂದರೆ ಭ ಬೇರೆ, ಬ ಬೇರೆ ಎಂದು ಮಲಗಿದ್ದವನಿಗೂ ಗೊತ್ತಾಗಬೇಕು.

ಅಂಥವಳ ನಾಲಿಗೆ ಒಂದು ದಿನ ಕೆಲಸದ ನಡುವೆಯೇ ಕೈಕೊಟ್ಟಿತು. ಗುಂಡಿ ಒತ್ತಲು ಬಲಗೈ ಮೇಲೇಳಲಿಲ್ಲ. ಎಡಗೈಯಲ್ಲಿ ಒತ್ತಿದಳು. ಬಾಯಿಂದ ಬಂದದ್ದು ಮಾತೇ ಅಲ್ಲ, ಕಲಸಿದ ಗಂಜಿ. ಕೂಲಿಗಳು ಏಣಿಮೆಟ್ಟಿಲು ಹತ್ತಿ ಓಡಿ ಬಂದು ಅವಳನ್ನು ಎತ್ತಿಕೊಂಡೇ ಆಸ್ಪತ್ರೆಗೆ ಒಯ್ದರು. ಮೆದುಳಿನ ಎಡಭಾಗದಲ್ಲಿ ರಕ್ತ ಕಟ್ಟಿದೆ ಎಂದರು ವೈದ್ಯರು. ಕಾಲು ಬೇಗ ಸುಧಾರಿಸಿತು, ಕೈ ಅರ್ಧ ಸುಧಾರಿಸಿತು. ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟವಾಗಿತ್ತು, ಪದ ಮರೆತಿರಲಿಲ್ಲ. ಬಾಯಿಗೆ ಬರುವಾಗ ಮಾತ್ರ ಎಲ್ಲ ಎಡವಟ್ಟು. ಗಂಡನನ್ನು ಬೈಯಲು ಹೋದರೂ ಬೈಗುಳ ನೆಟ್ಟಗೆ ಬಾರದೆ ಅವಳು ಅತ್ತಳು. ಬೈಸಿಕೊಳ್ಳುವುದು ತಪ್ಪಿತೆಂದು ಅವನಿಗೇನೂ ಖುಷಿಯಾಗಲಿಲ್ಲ, ಅವನೂ ಅತ್ತ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆಸ್ಪತ್ರೆಯಿಂದ ಬಿಟ್ಟ ಮೇಲೆ. ಮಾತಿನ ಚಿಕಿತ್ಸೆಗೆ ಹೋಗಲು ರೈಲು ಹತ್ತಬೇಕಾಗಿತ್ತು. ಗಂಡನ ತೋಳು ಹಿಡಿದು ಪ್ಲಾಟ್‌ಫಾರ್ಮಿಗೆ ಕಾಲಿಟ್ಟಳೋ ಇಲ್ಲವೋ, ನೆತ್ತಿಯ ಮೇಲಿನ ಧ್ವನಿವರ್ಧಕ ಅವಳದೇ ದನಿಯಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದಿತು. ಯಾವ ಕಾಲದಲ್ಲೋ ಮುದ್ರಿಸಿಟ್ಟಿದ್ದ ಅವಳ ಮಾತುಗಳನ್ನು ತುಂಡು ಮಾಡಿ, ಜೋಡಿಸಿ, ಯಂತ್ರಕ್ಕೆ ತುಂಬಿದ್ದರು. ಒಂದು ಗ ಕೂಡ ಜಾರದ ಹಳೆಯ ದನಿ. ಅವಳಿಗೆ ಮೈಯೆಲ್ಲ ಉರಿಯಿತು. ಸ್ಟೇಷನ್ ಸೂಪರಿಂಟೆಂಡೆಂಟ್ ಎದುರಾಗಿ ಕುಶಲ ಕೇಳಿ, "ನೀವು ಆರಾಮಾಗಿ ರೆಸ್ಟ್ ತಗೊಳ್ಳಿ, ನಿಮ್ಮ ಕೆಲಸ ನೀವೇ ಮಾಡ್ತಿದೀರಲ್ಲ!" ಎಂದು ನಕ್ಕರು. ಒಳ್ಳೆಯ ಮನುಷ್ಯ, ನಿಜಕ್ಕೂ ಒಳ್ಳೆಯ ಮಾತೆಂದೇ ಅಂದುಕೊಂಡು ಆಡಿದ್ದು. ಗಮನಕ್ಕ ಬಲು ಕಷ್ಟಪಟ್ಟು ಒಂದೊಂದೇ ಪದ ಹೆಕ್ಕಿ ಹೇಳಿದಳು: "ನಾನು... ಇನ್ನೂ... ಸತ್ತಿಲ್ಲ."

ಮಾತಿನ ಚಿಕಿತ್ಸೆಯ ಕೋಣೆ ಆಸ್ಪತ್ರೆಯ ಹಿಂಬದಿಯಲ್ಲಿತ್ತು. ಗೋಡೆಗೆ ಸದ್ದು ಹೀರುವ ಮೆತ್ತೆ, ಒಂದು ಕಂಪ್ಯೂಟರು, ಮೂರು ಕುರ್ಚಿ. ಥೆರಪಿಸ್ಟ್ ಅವಳ ಮಗಳ ವಯಸ್ಸಿನವಳು, ಆದರೆ ಮಾತು ಕಡಿಮೆ, ಪಟ್ಟು ಜಾಸ್ತಿ. ಮೊದಲ ದಿನವೇ ಗಮನಕ್ಕನಿಂದ ಪ, ಫ, ಬ, ಭ, ಕ, ಖ, ಗ, ಘ ಎಂದು ಹೇಳಿಸಿ ಮುದ್ರಿಸಿಕೊಂಡಳು. ಪರದೆಯ ಮೇಲೆ ದನಿಯೆಲ್ಲ ಗೆರೆಗೆರೆಯಾಗಿ ಮೂಡಿತು.

"ನೋಡಿ ಅಕ್ಕ, ಇಲ್ಲಿ ಕಡ್ಡಿ ನಿಂತ ಹಾಗೆ ಒಂದು ಗೆರೆ ಇದೆಯಲ್ಲ, ಅದು ನೀವು ತುಟಿ ಬಿಟ್ಟ ಕ್ಷಣ. ಈ ಅಲೆ ಅಲೆ ಇರೋದು ಗಂಟಲು ನಡುಗಿದ್ದು, ಅಂದ್ರೆ ದನಿ. ಇವೆರಡರ ನಡುವೆ ಎಷ್ಟು ಹೊತ್ತು ಅನ್ನೋದಷ್ಟೇ ನಾನು ಅಳೆಯೋದು. ವಾಯ್ಸ್ ಆನ್‌ಸೆಟ್ ಟೈಮ್ ಅಂತಾರೆ. ದನಿ ಹೊರಡೋ ಹೊತ್ತು ಅಂದ್ಕೊಳ್ಳಿ."

ಪ ಎನ್ನುವಾಗ ತುಟಿ ಬಿಡುತ್ತಿದ್ದಂತೆಯೇ ದನಿ ಹೊರಡುತ್ತದೆ, ನಡುವೆ ಸೆಕೆಂಡಿನ ಸಾವಿರದಲ್ಲಿ ಹತ್ತು ಹದಿನೈದು ಪಾಲು ಮಾತ್ರ. ಆ ಒಂದೊಂದು ಪಾಲನ್ನು ಮಿಲಿಸೆಕೆಂಡು ಎನ್ನುತ್ತಾರೆ. ಕ ಸ್ವಲ್ಪ ಸೋಮಾರಿ, ಅದಕ್ಕೆ ಇಪ್ಪತ್ತೈದು ಮೂವತ್ತು ಬೇಕು. ಫ, ಖ ಎಂಬ ಮಹಾಪ್ರಾಣಗಳಲ್ಲಿ ಬಾಯಿ ಬಿಟ್ಟ ಮೇಲೂ ದನಿ ಬರುವುದಿಲ್ಲ. ಮೊದಲು ಬರೀ ಉಸಿರು ನುಗ್ಗುತ್ತದೆ, ಎಂಬತ್ತು ತೊಂಬತ್ತು ಮಿಲಿಸೆಕೆಂಡು ಕಳೆದ ಮೇಲೆ ದನಿ. ಬ, ದ, ಗ ಅಕ್ಷರಗಳದು ತಿರುವುಮುರುವು: ಬಾಯಿ ಇನ್ನೂ ಮುಚ್ಚಿರುವಾಗಲೇ ಗಂಟಲು ನಡುಗಲು ಶುರು. ಬಾಯಿ ಬಿಡುವ ಕ್ಷಣವನ್ನು ಸೊನ್ನೆ ಎಂದು ಹಿಡಿಯುವುದರಿಂದ, ಅದಕ್ಕೂ ಮುಂಚೆ ಬಂದ ದನಿಗೆ ಮೈನಸ್ ಹಾಕುತ್ತಾರೆ: ಮೈನಸ್ ಎಂಬತ್ತು, ಮೈನಸ್ ನೂರು. ಭ, ಘಗಳಿಗೂ ಮೈನಸ್ಸೇ. ಬಾಯಿ ಬಿಟ್ಟ ಮೇಲೆ ದನಿಯ ಜೊತೆ ಉಸಿರೂ ಬೆರೆತು ಬರುತ್ತದೆ, ಆದ್ದರಿಂದ ಅವನ್ನು ಬ, ಗಗಳಿಂದ ಬೇರ್ಪಡಿಸಲು ಈ ಒಂದು ಅಳತೆ ಸಾಲದು ಎಂದಳು ಥೆರಪಿಸ್ಟ್.

ಮೂಲೆಯ ಕುರ್ಚಿಯಲ್ಲಿದ್ದ ಗಂಡ ಕತ್ತು ಮುಂದೆ ಚಾಚಿದ. "ನಮ್ಮ ಹೊಲಿಗೆ ಮಿಷನ್ ಥರ ಅನ್ನಿ ಮೇಡಂ. ಪೆಡಲು ತುಳಿದು ಆಮೇಲೆ ಬಟ್ಟೆ ಕೊಡೋದು, ಬಟ್ಟೆ ಕೊಟ್ಟು ಆಮೇಲೆ ತುಳಿಯೋದು. ತುಳಿತವೂ ಅದೇ, ಬಟ್ಟೆಯೂ ಅದೇ. ಯಾವುದು ಮೊದಲು ಅನ್ನೋದರಲ್ಲೇ ಎಲ್ಲ ಇರೋದು."

"ಅಷ್ಟೇ. ಅಕ್ಕನ ಮಿಷನ್ನಲ್ಲಿ ಕಾಲು ಕೈಗೆ ಹೊಂದ್ತಿಲ್ಲ. ಒಂದ್ಸಲ ಮೈನಸ್ ತೊಂಬತ್ತು, ಮರುಸಲ ಪ್ಲಸ್ ಇಪ್ಪತ್ತು. ಗ ಅಂತ ಹೊರಟಿದ್ದು ಕ ಆಗ್ತಿದೆ, ಪ ಅಂತ ಹೊರಟಿದ್ದು ಕೆಲವು ಸಲ ಬ ಆಗ್ತಿದೆ. ಗಂಟಲು ಚೆನ್ನಾಗಿದೆ, ತುಟಿ ಚೆನ್ನಾಗಿದೆ. ಹೊತ್ತು ತಪ್ಪಿದೆ ಅಷ್ಟೇ."

ಗಾಡಿಗಳ ಹೊತ್ತು ತಪ್ಪಿದ್ದನ್ನು ಜೀವಮಾನವಿಡೀ ಸಾರಿದವಳಿಗೆ ಇದು ಅರ್ಥವಾಗಲು ವ್ಯಾಖ್ಯಾನ ಬೇಕಿರಲಿಲ್ಲ. ಮೂಗಿನಲ್ಲಿ ಮ್ ಎಂದು ಗುಂಯ್‌ಗುಟ್ಟುತ್ತ ದನಿ ಹೊರಡಿಸಿಕೊಂಡು, ಅದನ್ನು ಬಿಡದೆ ಬ ಎನ್ನಬೇಕು ಎಂದು ಥೆರಪಿಸ್ಟ್ ಹೇಳಿಕೊಟ್ಟಳು. ಮ್‌ಬ, ಮ್‌ಬ. ಗಕಾರಕ್ಕೆ ಙ್‌ಗ, ಙ್‌ಗ. ಕೈ ಬಾಯಿಗೆ ಅಡ್ಡ ಹಿಡಿದು ಖ ಎಂದರೆ ಉಸಿರು ಅಂಗೈಗೆ ಬಡಿಯಬೇಕು, ಕ ಎಂದರೆ ಬಡಿಯಬಾರದು. ಗಮನಕ್ಕ ಇದನ್ನು ಮನೆಯಲ್ಲಿ, ಮೆಟ್ಟಿಲಲ್ಲಿ, ತರಕಾರಿ ಅಂಗಡಿಯಲ್ಲಿ ಸರದಿ ನಿಂತಾಗ, ಎಲ್ಲೆಂದರಲ್ಲಿ ಶುರುಮಾಡಿದಳು. ಪಕ್ಕದ ಮನೆಯಾಕೆ, "ಏನ್ರೀ, ಕರು ಸಾಕಿದೀರಾ?" ಎಂದು ಕೇಳಿದಳು. "ಹೌದು," ಎಂದಳು ಗಮನಕ್ಕ, "ಹಾಯೋ ಜಾತಿದು." ಮೊದಮೊದಲು ಒಂದು ಪದದ ಮುಂದೆ ತಿಣುಕುತ್ತ ನಿಲ್ಲುತ್ತಿದ್ದವಳು ಐದಾರು ತಿಂಗಳು ಕಳೆಯುವಷ್ಟರಲ್ಲಿ ಗಂಡನನ್ನು ಉಸಿರು ಕಟ್ಟದೆ ಬೈಯುವ ಹಂತಕ್ಕೆ ಬಂದಳು. ಅವನು ಅಂಗಡಿಗೆ ಬಂದವರಿಗೆಲ್ಲ ಅದನ್ನು ಹೇಳಿಕೊಂಡು ಬೀಗಿದ.

ಇನ್ನು ಕೆಲಸಕ್ಕೆ ವಾಪಸಾಗಬಹುದು ಎಂದಳು ಥೆರಪಿಸ್ಟ್. ಅದಕ್ಕೆ ರೈಲ್ವೆಯ ವೈದ್ಯಾಧಿಕಾರಿಯ ಒಪ್ಪಿಗೆ ಬೇಕು. ಆತ ನಿಯತ್ತಿನ ಮನುಷ್ಯ, ಯಾರ ಮುಖ ನೋಡಿಯೂ ಸಹಿ ಹಾಕುವವನಲ್ಲ. "ಕಿವಿಗೆ ಮಮತೆ ಇರುತ್ತೆ, ನನಗೆ ಅಳತೆ ಬೇಕು. ಯಾವ ಮೈಕಲ್ಲಿ ಕೆಲಸ ಮಾಡ್ತಾರೋ ಅದರಲ್ಲೇ ಪರೀಕ್ಷೆ ಆಗಲಿ" ಎಂದ. ಕೇಳಲು ನ್ಯಾಯವಾಗಿಯೇ ಇತ್ತು. ಥೆರಪಿಸ್ಟ್ ಕೂಡ ಹೂಂ ಎಂದಳು. ನಿಲ್ದಾಣದಿಂದ ಹೆಚ್ಚುವರಿ ಮೈಕು, ಅದರ ಪೆಟ್ಟಿಗೆ ಬಂದವು. ಚಿಕಿತ್ಸೆಯ ಕೋಣೆಯಲ್ಲಿ ಅದನ್ನು ಕಂಪ್ಯೂಟರಿಗೆ ಜೋಡಿಸಿದರು. ಗಮನಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು, ಕೊಟ್ಟ ಪದಗಳನ್ನೆಲ್ಲ ಕಂಚಿನ ಗಂಟೆ ಬಾರಿಸಿದಂತೆ ಹೇಳಿ ಎದ್ದಳು. ಥೆರಪಿಸ್ಟ್ ತೋರು ಬೆರಳು ಹೆಬ್ಬೆರಳು ಸೇರಿಸಿ ಅಮೋಘ ಎಂದು ಸನ್ನೆ ಮಾಡಿದಳು.

ಅಳತೆ ಬೇರೆಯೇ ಹೇಳಿತು. ಬ ಪ್ಲಸ್ ಹನ್ನೆರಡು. ದ ಪ್ಲಸ್ ಹದಿನೈದು. ಗ ಪ್ಲಸ್ ಇಪ್ಪತ್ತೆಂಟು. ಒಂದೇ ಒಂದು ಮೈನಸ್ ಇಲ್ಲ. ಫ, ಖಗಳು ಮಾತ್ರ ಎಂದಿನಂತೆ ಉದ್ದಕ್ಕೆ ಉಸಿರು ಬಿಟ್ಟುಕೊಂಡು ಸರಿಯಾಗಿದ್ದವು. ಥೆರಪಿಸ್ಟ್ ಎರಡು ಸಲ, ಮೂರು ಸಲ ಅಳೆದಳು. ಕಿವಿ ಬ ಎನ್ನುತ್ತಿದೆ, ಪರದೆ ಪ ಎನ್ನುತ್ತಿದೆ. ಅವಳ ಮುಖ ಬಾಡಿತು.

ವೈದ್ಯಾಧಿಕಾರಿ ಗಮನಕ್ಕನನ್ನು ತನ್ನ ಕೋಣೆಗೆ ಕರೆಸಿ ಕೂರಿಸಿದ. "ನೋಡಮ್ಮ, ನೀವು ತುಂಬ ಸುಧಾರಿಸಿದೀರಿ. ಆದ್ರೆ ಘೋಷ ಅಘೋಷ, ಅಂದ್ರೆ ಬ ಮತ್ತು ಪ, ಬೇರೆ ಆಗ್ತಿಲ್ಲ ಅಂತ ಅಳತೆ ಹೇಳ್ತಿದೆ. ಜನಕ್ಕೆ ಸಾರೋ ಕೆಲಸ, ನಾನು ಒಪ್ಪೋಕಾಗಲ್ಲ. ಕಳೆದುಹೋದ ಸಾಮಾನಿನ ಕೋಣೆಯಲ್ಲಿ ಕೂತ್ಕೊಳ್ಳಿ, ಸಂಬಳ ಅದೇ. ಹೇಗೂ ನಿಮ್ಮ ಹಳೇ ದನಿ ನಡೀತಿದೆಯಲ್ಲ."

"ಕಳೆದುಹೋದ ಸಾಮಾನಿನ ಜೊತೆ ಕೂತ್ಕೋಬೇಕಾ ನಾನು?" ಎಂದಳು ಗಮನಕ್ಕ. "ನಾನು ಕಳೆದುಹೋಗಿಲ್ಲ ಸಾರ್. ಇಲ್ಲೇ ಇದೀನಿ. ನಾನು ಮಾತಾಡಿದ್ದು ನಿಮಗೆ ಅರ್ಥ ಆಗ್ತಿದೆಯೋ ಇಲ್ವೋ?"

"ಆಗ್ತಿದೆ. ಆದ್ರೆ ಅಳತೆ..."

"ಎದುರಿಗೆ ಕೂತು ಮಾತಾಡ್ತಿರೋಳನ್ನ ಬಿಟ್ಟು ಕಾಗದದ ಮೇಲಿನ ಗೆರೆ ನಂಬ್ತೀರಾ?"

"ನಂಬಲೇಬೇಕಮ್ಮ. ಎಲ್ಲರಿಗೂ ಒಂದೇ ಅಳತೆ."

ಈ ಮಾತು ಆಡದೆ ಇದ್ದಿದ್ದರೆ ಅವನು ಬಚಾವಾಗುತ್ತಿದ್ದ. ಗಮನಕ್ಕ ಎದ್ದು ನಿಂತಳು. ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಅವನ ಮೇಜಿನ ಮೇಲೆ ಇಟ್ಟಳು. "ಎಲ್ಲರಿಗೂ ಒಂದೇ ತಾನೆ? ಹಾಗಾದ್ರೆ ಬನ್ನಿ. ಅದೇ ಮೈಕು, ಅದೇ ಪದ, ನೀವೂ ಹೇಳಿ. ನಿಮ್ಮ ನಾಲಿಗೆಗೂ ಸ್ವಲ್ಪ ಮಾರ್ಕ್ಸ್ ಬೀಳ್ಲಿ."

ಗಂಡ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡ ಬೇಡ ಎಂದ. ಅವಳು ಸೊಪ್ಪು ಹಾಕಲಿಲ್ಲ. ವೈದ್ಯಾಧಿಕಾರಿ ಗಡಿಯಾರ ನೋಡಿಕೊಂಡ, ಹೊರಗೆ ರೋಗಿಗಳಿದ್ದಾರೆ ಎಂದ. "ಇರಲಿ ಬಿಡಿ, ಅವರೂ ಬರ್ಲಿ" ಎಂದಳು. ನಾಳೆ ನೋಡೋಣ ಎಂದ. ನಾಳೆವರೆಗೆ ಈ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಕೂತೇಬಿಟ್ಟಳು. ಅವಳ ಹಟ ಕಂಡವರಿಗೆ ಗೊತ್ತು, ಅವಳು ಹೇಳಿದ್ದು ಬರೀ ಬೆದರಿಕೆಯಲ್ಲ. ಕೊನೆಗೆ ಆತ ನಗುತ್ತಲೇ ಎದ್ದ. "ಆಯ್ತಮ್ಮ, ನಿಮ್ಮ ಸಮಾಧಾನಕ್ಕೆ."

ಮೂವರೂ ಚಿಕಿತ್ಸೆಯ ಕೋಣೆಗೆ ಬಂದಾಗ ಥೆರಪಿಸ್ಟ್ ಕಂಪ್ಯೂಟರಿನ ಮುಂದೆ ತಲೆಗೆ ಕೈ ಹಚ್ಚಿ ಕೂತಿದ್ದಳು. ವಿಷಯ ಕೇಳಿ ಒಂದು ಗಳಿಗೆ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಮೈಕನ್ನು ವೈದ್ಯಾಧಿಕಾರಿಯ ಕಡೆ ತಿರುಗಿಸಿದಳು. ಆತ ಗಂಟಲು ಸರಿಪಡಿಸಿಕೊಂಡು, ಭಾಷಣಕ್ಕೆ ನಿಂತವನ ಗತ್ತಿನಲ್ಲಿ ಓದಿದ: ಬಾಗಿಲು, ದಾರಿ, ಗಾಡಿ, ಬಲ, ದಯವಿಟ್ಟು, ಗಮನ.

ಥೆರಪಿಸ್ಟ್ ಅಳೆಯತೊಡಗಿದಳು. ಬಾಗಿಲಿನ ಬ ಪ್ಲಸ್ ಹತ್ತು. ದಾರಿಯ ದ ಪ್ಲಸ್ ಹದಿನಾಲ್ಕು. ಗಾಡಿಯ ಗ ಪ್ಲಸ್ ಇಪ್ಪತ್ತಾರು. ಪರದೆಯಲ್ಲಿ ಕಡ್ಡಿಯಂಥ ಗೆರೆಯ ಹಿಂದೆ ಸಪಾಟು ಬಯಲು, ಅಲೆಯ ಸುಳಿವೇ ಇಲ್ಲ.

"ಅಯ್ಯೋ ಪಾಪ," ಎಂದಳು ಗಮನಕ್ಕ. "ಸಾರ್‌ಗೂ ಸ್ಟ್ರೋಕ್ ಆಗಿದೆ. ಯಾವಾಗ ಆಯ್ತು ಸಾರ್? ಮನೇಲಿ ಹೇಳಿದೀರಾ?"

ಗಂಡ ಬಾಯಿಗೆ ಕರ್ಚೀಫು ಒತ್ತಿ ಹೊರಗೋಡಿದ. ವೈದ್ಯಾಧಿಕಾರಿಯ ಕಿವಿ ಕೆಂಪಾಯಿತು. ಆತ ತನ್ನ ಗಂಟಲ ಮೇಲೆ ಬೆರಳಿಟ್ಟು ಮೆಲ್ಲಗೆ ಬ ಎಂದು ನೋಡಿಕೊಂಡ, ಮತ್ತೊಮ್ಮೆ ನೋಡಿಕೊಂಡ. "ಇಲ್ಲ, ನಡುಗ್ತಿದೆ. ನಡುಗ್ತಿರೋದು ಬೆರಳಿಗೆ ಗೊತ್ತಾಗ್ತಿದೆ" ಎಂದ. ಆಗ ಅವನ ದನಿಯಲ್ಲಿ ಅಧಿಕಾರ ಇರಲಿಲ್ಲ, ನಿಜವಾದ ಅಚ್ಚರಿ ಇತ್ತು.

ಥೆರಪಿಸ್ಟ್ ಅಷ್ಟರಲ್ಲಿ ಮೈಕಿನ ಪೆಟ್ಟಿಗೆಯನ್ನು ಮಗುಚಿ ಹಾಕಿ ಅದರ ಬೆನ್ನು ನೋಡುತ್ತಿದ್ದಳು. ಪೆಟ್ಟಿಗೆ ಕೆಳಗಿಟ್ಟು ಹಣೆ ಬಡಿದುಕೊಂಡಳು. "ಪ್ಲಾಟ್‌ಫಾರ್ಮಿನ ಮೈಕು! ಗಾಡಿಗಳ ಗಡಗಡ ಸೇರ್ಕೋಬಾರದು ಅಂತ ಇದರಲ್ಲಿ ಕೆಳಗಿನ ದಪ್ಪ ಸದ್ದನ್ನೆಲ್ಲ ಕತ್ತರಿಸಿ ಹಾಕ್ತಾರೆ, ಮುನ್ನೂರು ಹರ್ಟ್ಸ್ ಕೆಳಗೆ ಏನೂ ದಾಟಲ್ಲ. ಬಾಯಿ ಮುಚ್ಚಿದಾಗ ಗಂಟಲಿಂದ ಬರೋ ದನಿ ಇರೋದೆಲ್ಲ ಅಲ್ಲೇ. ಅದು ಗಡಗಡದ ಜೊತೆಗೇ ಹೋಗಿದೆ. ಬಾಯಿ ಬಿಟ್ಟ ಮೇಲಿನ ದನಿ ಮೇಲಿನವರೆಗೂ ಹರಡಿರುತ್ತೆ, ಅದು ಉಳ್ಕೊಂಡಿದೆ. ನಾವು ಉಳಿದಿದ್ದನ್ನ ಅಳೆದು, ಹೋದದ್ದು ಇರಲೇ ಇಲ್ಲ ಅಂದ್ವಿ."

"ಆದ್ರೆ ಆ ಮೈಕಲ್ಲೂ ಜನಕ್ಕೆ ಬ ಬ ಅಂತಲೇ ಕೇಳುತ್ತಲ್ಲ?" ಎಂದ ವೈದ್ಯಾಧಿಕಾರಿ.

"ಕಿವಿ ಒಂದೇ ಗುರುತನ್ನ ನೆಚ್ಕೊಂಡಿರಲ್ಲ ಸಾರ್. ಬಾಯಿ ಬಿಟ್ಟ ಸದ್ದು ಎಷ್ಟು ಜೋರು, ಸ್ವರ ಹೇಗೆ ಶುರುವಾಯ್ತು, ಎಲ್ಲ ಸೇರಿಸಿ ತೀರ್ಮಾನ ಮಾಡುತ್ತೆ. ನಾವು ಒಂದನ್ನೇ ಹಿಡ್ಕೊಂಡು ಕೂತಿದ್ವಿ." ಅವಳು ಗಮನಕ್ಕನ ಕಡೆ ತಿರುಗಿದಳು. "ನನಗೆ ಮೊದಲೇ ಹೊಳೀಬೇಕಿತ್ತು ಅಕ್ಕ. ನಾಲಿಗೆ ತಪ್ಪಿದ್ರೆ ಒಂದ್ಸಲ ಹಾಗೆ, ಒಂದ್ಸಲ ಹೀಗೆ ಬರುತ್ತೆ. ಇಲ್ಲಿ ಎಲ್ಲಾನೂ ಒಂದೇ ಸಮ ತಪ್ಪಿತ್ತು. ಮನುಷ್ಯರು ಅಷ್ಟು ಅಚ್ಚುಕಟ್ಟಾಗಿ ತಪ್ಪಲ್ಲ. ಕ್ಷಮಿಸಿ."

"ಕ್ಷಮಿಸೋದೆಲ್ಲ ಆಮೇಲೆ ಮಗಳೇ, ನಿನ್ನ ಮೈಕು ತೆಗೆ" ಎಂದಳು ಗಮನಕ್ಕ.

ಕತ್ತರಿ ಹಾಕದ ಮೈಕು ಬಂತು. ವೈದ್ಯಾಧಿಕಾರಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. ಗಮನಕ್ಕ ಮತ್ತೆ ಎಲ್ಲ ಪದಗಳನ್ನೂ ಹೇಳಿದಳು, ಮೊದಲು ನಿಧಾನವಾಗಿ, ಆಮೇಲೆ ಬೇಗ. ಬಕಾರಗಳೆಲ್ಲ ಮೈನಸ್ಸು, ದಕಾರಗಳೆಲ್ಲ ಮೈನಸ್ಸು, ಸಾಲಾಗಿ ಅಲೆ ಎದ್ದು ಬಂದವು. ನಿಧಾನ ಹೇಳಿದ ಗಕಾರಗಳೂ ಸರಿ. ಬೇಗ ಹೇಳಿದವುಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಗ ಪ್ಲಸ್ಸಿಗೆ ಜಾರಿತ್ತು. ಥೆರಪಿಸ್ಟ್ ಅದನ್ನು ಮುಚ್ಚಿಡಲಿಲ್ಲ. ಗಕಾರದಲ್ಲಿ ನಾಲಿಗೆಯ ಬುಡ ಮೇಲೆ ಅಂಟುವುದರಿಂದ ಅದರ ಹಿಂದೆ ಗಾಳಿಗೆ ಜಾಗ ಕಡಿಮೆ, ಬೇಗ ತುಂಬಿ ಬಿಡುತ್ತದೆ, ದನಿ ಉಸಿರುಗಟ್ಟುತ್ತದೆ, ಚೆನ್ನಾಗಿರುವವರಿಗೂ ಅದೇ ಎಲ್ಲಕ್ಕಿಂತ ಕಷ್ಟ ಎಂದಳು.

ವೈದ್ಯಾಧಿಕಾರಿ ಪರದೆಯ ಗೆರೆಗಳನ್ನು ಒಂದೊಂದಾಗಿ ನೋಡಿದ. "ನನ್ನ ಮೊದಲ ತೀರ್ಮಾನ ತಪ್ಪು. ಅದನ್ನ ಹರಿದು ಹಾಕ್ತೀನಿ. ಆದ್ರೆ ಇದನ್ನೂ ಸುಳ್ಳು ಅನ್ನೋಕಾಗಲ್ಲಮ್ಮ. ಬೇಗ ಮಾತಾಡಿದ್ರೆ ಗ ಜಾರುತ್ತೆ."

"ಜಾರುತ್ತೆ," ಎಂದಳು ಗಮನಕ್ಕ. "ನಿಧಾನ ಮಾತಾಡ್ತೀನಿ."

"ಗಾಡಿ ನಿಮಗೋಸ್ಕರ ಕಾಯಲ್ಲವಲ್ಲ."

"ಕಾಯೋದು ಬೇಡ. ಅದು ಬರೋದಕ್ಕೆ ಮುಂಚೆನೇ ಶುರು ಮಾಡ್ತೀನಿ. ಆರು ತಿಂಗಳಿಂದ ಬಾಯಿ ಬಿಡೋದಕ್ಕೆ ಮುಂಚೆ ದನಿ ಹೊರಡಿಸೋದು ಕಲ್ತಿದೀನಿ ಸಾರ್, ಗಾಡಿ ಬರೋದಕ್ಕೆ ಮುಂಚೆ ಬಾಯಿ ಬಿಡೋಕೆ ಬರಲ್ವಾ?"

ಆತ ಸಹಿ ಹಾಕಿದ. ಆದರೆ ಮೈಕು ಅಷ್ಟಕ್ಕೇ ಕೈಗೆ ಬರಲಿಲ್ಲ. ಸೂಪರಿಂಟೆಂಡೆಂಟರು ಸಹಿ ನೋಡಿ ತಲೆ ಕೆರೆದುಕೊಂಡರು. ಅವರ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಸಂತೋಷ, ತುಂಬಾ ಸಂತೋಷ, ಆದರೆ ಯಂತ್ರ ಒಗ್ಗಿ ಹೋಗಿದೆ, ಅದರಲ್ಲಿರುವುದೂ ನೀವೇ, ಆ ದನಿಯಲ್ಲಿ ತಪ್ಪೂ ಇಲ್ಲ, ಆಯಾಸವೂ ಇಲ್ಲ, ಯಾಕೆ ಸುಮ್ಮನೆ ಕಷ್ಟ? ಗಮನಕ್ಕನಿಗೆ ಆಗ ಚುರುಕ್ಕೆಂದಿತು. ಇಷ್ಟು ದಿನ ತನ್ನ ರೋಗದ ಜೊತೆ ಹೋರಾಡುತ್ತಿದ್ದೇನೆ ಎಂದುಕೊಂಡಿದ್ದಳು. ಎದುರಿಗಿದ್ದದ್ದು ಅವಳೇ, ಯಂತ್ರದೊಳಗಿನ, ರೋಗ ಬಾರದ ಅವಳು.

"ಸಾರ್, ಆ ಯಂತ್ರಕ್ಕೆ ಕಿಟಕಿ ಇದೆಯಾ?" ಎಂದು ಕೇಳಿದಳು. "ಒಬ್ಬಳು ಬಸುರಿ ಹಳಿ ದಾಟ್ತಾ ಇದ್ರೆ ಅದಕ್ಕೆ ಕಾಣುತ್ತಾ? ಎರಡನೇ ಪ್ಲಾಟ್‌ಫಾರ್ಮು ಅಂತ ಸಾರಿದ ಗಾಡಿ ನಾಲ್ಕಕ್ಕೆ ತಿರುಗಿದ್ರೆ ಅದಕ್ಕೆ ತಿಳಿಯುತ್ತಾ? ಹೋದ ತಿಂಗಳು ಹಾಗೇ ಆಗಿ ಜನ ಮೂಟೆ ಹೊತ್ಕೊಂಡು ಸೇತುವೆ ಮೇಲೆ ಓಡಿದ್ರಲ್ಲ, ನಾನು ಕೆಳಗೆ ನಿಂತು ನೋಡಿದೆ. ನನ್ನದೇ ದನಿ ಅವರನ್ನ ತಪ್ಪು ಕಡೆ ಕಳಿಸ್ತಿತ್ತು, ಒಂದಕ್ಷರ ತಪ್ಪಿಲ್ಲದೆ! ನನಗೆ ನಾಚಿಕೆ ಆಯ್ತು. ನನ್ನ ಗ ಜಾರಬಹುದು ಸಾರ್. ನಾನು ಸುಳ್ಳು ಹೇಳಲ್ಲ."

ಅವರು ಸೋತರೋ, ಬೇಸತ್ತರೋ, ಅಂತೂ ಒಂದು ಹೊತ್ತು ಕೂತು ನೋಡಿ ಎಂದರು. ತಪ್ಪಿದರೆ ಯಂತ್ರವೇ ಮುಂದುವರಿಯುತ್ತದೆ ಎಂದೂ ಸೇರಿಸಿದರು. ತಾವೂ ಪಕ್ಕದಲ್ಲೇ ನಿಂತರು, ಒಂದು ಬೆರಳು ಯಂತ್ರದ ಗುಂಡಿಯ ಮೇಲೆ.

ಗಮನಕ್ಕ ಕುರ್ಚಿಯಲ್ಲಿ ಕೂತಳು. ಗಾಜಿನಾಚೆ ಬೆಳಗಿನ ಜನ ಸೇರುತ್ತಿದ್ದರು. ಇವಳು ಬರುತ್ತಾಳೆಂದು ಕೂಲಿಗಳಿಗೆ ಹೇಗೋ ಗೊತ್ತಾಗಿತ್ತು, ಕೈಗಾಡಿ ಬಿಟ್ಟು ಗುಂಪಾಗಿ ನಿಂತು ಮೇಲೆ ನೋಡುತ್ತಿದ್ದರು. ಗಂಡ ಅಂಗಡಿ ಮುಚ್ಚಿ ಬಂದು, ಕಂಬಕ್ಕೆ ಒರಗಿ, ತನಗೇನೂ ಸಂಬಂಧವಿಲ್ಲವೆಂಬಂತೆ ಗಾಡಿಗಳ ವೇಳಾಪಟ್ಟಿ ಓದುತ್ತಿದ್ದ. ಅವಳಿಗೆ ಅಂಜಿಕೆಯಾಯಿತು. ಗಾಡಿ ತಿರುವಿಗೆ ಬರುವ ಮುಂಚೆಯೇ ಗುಂಡಿ ಒತ್ತಿದಳು.

"ಪ್ರಯಾಣಿಕರ ಕಮನಕ್ಕೆ."

ಜಾರಿತ್ತು. ಮೊದಲ ಮಾತಿನಲ್ಲೇ, ಅವಳ ಹೆಸರಿನಲ್ಲೇ. ಕೆಳಗೆ ಯಾರೋ ಕಿಸಕ್ಕೆಂದರು. ಸೂಪರಿಂಟೆಂಡೆಂಟರು ಲೊಚಗುಟ್ಟಿ ಬೆರಳು ಒತ್ತಲು ಹೋದರು. ಗಮನಕ್ಕ ತಟ್ಟನೆ ಮೈ ವಾಲಿಸಿ ಆ ಕೈಯ ಮೇಲೆ ತನ್ನ ಬಲಗೈ ಹಾಕಿದಳು, ಗುಂಡಿ ಒತ್ತಲಾರದೆ ಹೋಗಿದ್ದ ಅದೇ ಕೈ.

"ಕೈ ತೆಗೀರಿ ಸಾರ್. ತಪ್ಪಿದ್ದು ನಾನು, ತಿದ್ದೋದೂ ನಾನೇ."

ಎಡಗೈ ಗುಂಡಿಯ ಮೇಲೇ ಇತ್ತು, ಮೈಕು ಇನ್ನೂ ತೆರೆದೇ ಇತ್ತು. ಮಾತು ಎಲ್ಲ ಪ್ಲಾಟ್‌ಫಾರ್ಮುಗಳ ಮೇಲೂ ಮೊಳಗಿತು. ಕಿಸಕ್ಕೆಂದವರು ತಲೆ ಎತ್ತಿ ನೋಡಿದರು. ಸೂಪರಿಂಟೆಂಡೆಂಟರು ಕೈ ತೆಗೆದರು. ಅಷ್ಟರಲ್ಲಿ ಗಾಜಿನಾಚೆ ಗಾಡಿ ತಿರುವಿನಲ್ಲಿ ಕಾಣಿಸಿಕೊಂಡಿತು. ಗಮನಕ್ಕ ನಾಲಿಗೆಯ ಬುಡ ಒತ್ತಿ, ದನಿಯನ್ನು ಒಳಗೇ ಹೊರಡಿಸಿ, ಅದು ನಡುಗುವುದು ತನಗೆ ತಿಳಿಯುವವರೆಗೂ ತಡೆದು, ಆಮೇಲೆ ಬಾಯಿ ಬಿಟ್ಟಳು.

"ಪ್ರಯಾಣಿಕರ ಗಮನಕ್ಕೆ. ಮೂರನೇ ಪ್ಲಾಟ್‌ಫಾರ್ಮಿಗೆ ಬರಬೇಕಿದ್ದ ಗಾಡಿ ಈಗ ಒಂದಕ್ಕೆ ಬರ್ತಾ ಇದೆ, ನನಗೆ ಇಲ್ಲಿಂದ ಕಾಣ್ತಿದೆ. ಯಾರೂ ಓಡಬೇಡಿ. ನಿಧಾನವಾಗಿ ಸೇತುವೆ ಹತ್ತಿ, ಇನ್ನೂ ಹೊತ್ತು ಇದೆ."